ಭಾರತೀಯ ಪೌರತ್ವ ಬಿಡುವುದು: ಪ್ರಮಾಣವಚನದ ದಿನದಿಂದ ಸರೆಂಡರ್ ಸರ್ಟಿಫಿಕೇಟ್ ಕೈಸೇರುವವರೆಗೆ

ಬೇರೆ ದೇಶದ ಪೌರತ್ವ ಪಡೆದವರಲ್ಲಿ ಅನೇಕರು "ಪಾಸ್‌ಪೋರ್ಟ್ ಇನ್ನೂ ಒಪ್ಪಿಸಿಲ್ಲವಲ್ಲ, ಅಲ್ಲಿಯವರೆಗೂ ನಾವು ಭಾರತೀಯರೇ" ಎಂದುಕೊಂಡಿರುತ್ತಾರೆ. ಕಾನೂನಿನ ಲೆಕ್ಕ ಬೇರೆ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ಭಾರತೀಯರೊಬ್ಬರು ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣದಲ್ಲೇ ಅವರ ಭಾರತೀಯ ಪೌರತ್ವ ತಾನಾಗಿ ಕೊನೆಗೊಳ್ಳುತ್ತದೆ. ಅದಕ್ಕೆ ಯಾರ ಆದೇಶವೂ ಬೇಕಿಲ್ಲ, ಅರ್ಜಿಯೂ ಬೇಕಿಲ್ಲ. ಆದರೆ ಪಾಸ್‌ಪೋರ್ಟ್ ಪುಸ್ತಕ ಮಾತ್ರ ಕೈಯಲ್ಲೇ ಉಳಿದಿರುತ್ತದೆ, ಅದರ ಮೇಲೆ ಇನ್ನೂ ಆರೇಳು ವರ್ಷದ ಅವಧಿಯೂ ಕಾಣುತ್ತಿರುತ್ತದೆ. ಪೌರತ್ವ ಹೋಗಿದೆ, ಪುಸ್ತಕ ಉಳಿದಿದೆ. ಈ ವಿಷಯದಲ್ಲಿ ಆಗುವ ಹೆಚ್ಚುಕಡಿಮೆ ಎಲ್ಲ ತೊಂದರೆಗಳೂ ಈ ನಡುವಿನ ಅವಧಿಯಲ್ಲೇ ಹುಟ್ಟುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯನ್ನು ದಿನಾಂಕಗಳ ಸುತ್ತಲೇ ಕಟ್ಟಲಾಗಿದೆ. ಉದಾಹರಣೆಗೆ ಅಮೆರಿಕದ ಪೌರತ್ವ ಪಡೆಯುವ ಒಂದು ಕುಟುಂಬವನ್ನು ತೆಗೆದುಕೊಂಡು, ಬೇರೆ ದಾರಿ ಹಿಡಿಯಬೇಕಾದ ಸಿಂಗಪುರದಂಥ ಸಂದರ್ಭವನ್ನು ಮುಂದೆ ಬೇರೆ ಭಾಗದಲ್ಲಿ ಬಿಡಿಸಿ ಹೇಳಲಾಗಿದೆ.

ನಿಮ್ಮದು ಯಾವ ಕಲಂ?

ಬೇರೆ ದೇಶದ ಪೌರರಾಗುವಾಗ ಭಾರತೀಯ ಪೌರತ್ವ ಹೋಗುವ ದಾರಿ ಎರಡು. ಮೊದಲು ಬೇರೆ ದೇಶದ ಪೌರತ್ವ ಸಿಕ್ಕಿ, ಅದರಿಂದಾಗಿ ಭಾರತದ್ದು ಹೋದರೆ ಅದು 9ನೇ ಕಲಂ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಪೌರರಾಗುವವರ ದಾರಿ ಇದು. ಈ ದೇಶಗಳು "ಮೊದಲು ನಿಮ್ಮ ಹಳೆಯ ಪೌರತ್ವ ಬಿಟ್ಟು ಬನ್ನಿ" ಎಂದು ಕಾಗದ ಕೇಳುವುದಿಲ್ಲ. ಹೊಸ ಪೌರತ್ವ ಬಂದ ಮೇಲೆ ಭಾರತೀಯ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೋ ಕಾನ್ಸುಲೇಟಿಗೋ ಒಪ್ಪಿಸಿ, ಸರೆಂಡರ್ ಸರ್ಟಿಫಿಕೇಟ್ ಪಡೆಯುವುದು ಇಲ್ಲಿನ ಕೆಲಸ. ಅರ್ಜಿಯಲ್ಲಿ, ಜಾಲತಾಣದಲ್ಲಿ ಇದನ್ನೇ ಪೌರತ್ವ ತ್ಯಾಗ ಎಂದು ಕರೆದಿರುವುದುಂಟು. ವಾಸ್ತವದಲ್ಲಿ ನೀವು ತ್ಯಾಗ ಮಾಡುತ್ತಿಲ್ಲ, ಆಗಿಹೋಗಿರುವುದನ್ನು ದಾಖಲಿಸಿಕೊಳ್ಳುತ್ತಿದ್ದೀರಿ.

ಇನ್ನೊಂದು ದಾರಿ 8ನೇ ಕಲಂ. ಭಾರತೀಯ ಪೌರರಾಗಿರುವಾಗಲೇ "ನಾನು ಪೌರತ್ವ ಬಿಡುತ್ತೇನೆ" ಎಂದು ಘೋಷಣೆ ಸಲ್ಲಿಸಿ, ಅದು ನೋಂದಣಿಯಾದ ದಿನ ಪೌರತ್ವ ಕಳೆದುಕೊಳ್ಳುವುದು. ಹೊಸ ದೇಶ ಮುಂಚಿತವಾಗಿಯೇ ತ್ಯಾಗದ ಪುರಾವೆ ಕೇಳಿದಾಗ ಈ ದಾರಿ ಬೇಕಾಗುತ್ತದೆ. ಎರಡೂ ಕೊನೆಗೆ ತಲುಪುವುದು ಒಂದೇ ಜಾಗಕ್ಕೆ ಎಂದು ಅನಿಸಬಹುದು. ಮಕ್ಕಳ ವಿಷಯದಲ್ಲಿ ಮಾತ್ರ ಇವೆರಡರ ಪರಿಣಾಮ ತೀರಾ ಬೇರೆ, ಅದು ಮುಂದೆ ಬರುತ್ತದೆ.

ಪ್ರಮಾಣವಚನಕ್ಕೆ ಮುಂಚೆ: ಹೆಸರು

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು. ಮೂವರೂ ಹುಟ್ಟಿದ್ದು ಕರ್ನಾಟಕದಲ್ಲಿ, ಮೂವರಿಗೂ ಗ್ರೀನ್ ಕಾರ್ಡ್ ಇದೆ. ಹೆಂಡತಿ ಅಮೆರಿಕದ ಪೌರತ್ವಕ್ಕಾಗಿ ಎನ್-400 ಅರ್ಜಿ ಹಾಕಿದ್ದಾರೆ, ಸಂದರ್ಶನ ಮುಗಿದಿದೆ, 2025ರ ಮಾರ್ಚ್ 14ಕ್ಕೆ ಪ್ರಮಾಣವಚನ. ಗಂಡ ಸದ್ಯಕ್ಕೆ ಭಾರತೀಯರಾಗಿಯೇ ಇರಲು ತೀರ್ಮಾನಿಸಿದ್ದಾರೆ. ಮೇ ತಿಂಗಳಲ್ಲಿ ಊರಿನಲ್ಲಿ ಮದುವೆ ಇದೆ.

ನಮ್ಮ ಕಡೆಯ ಹೆಸರುಗಳಿಗೆ ಪಾಸ್‌ಪೋರ್ಟಿನಲ್ಲಿ ಒಂದು ಹಳೆಯ ಪೀಡೆಯಿದೆ. ಮನೆತನದ ಹೆಸರು ಬಳಸದವರು, ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಇನಿಷಿಯಲ್ ಮಾಡಿಕೊಂಡವರು ಎಷ್ಟೋ ಜನ. ಅವರ ಭಾರತೀಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇಡೀ ಹೆಸರು ಗಿವನ್ ನೇಮ್ ಸಾಲಿನಲ್ಲಿ. ಅಮೆರಿಕದ ವೀಸಾ ಕೊಡುವಾಗ ಆ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ, ಮೊದಲ ಹೆಸರು ಗೊತ್ತಿಲ್ಲ ಎಂಬರ್ಥದ ಎಫ್‌ಎನ್‌ಯು ಎಂದು ಹಾಕುತ್ತಾರೆ. ಅದೇ ಗ್ರೀನ್ ಕಾರ್ಡಿಗೂ ಇಳಿದು ಬರುತ್ತದೆ. ನಮ್ಮ ಉದಾಹರಣೆಯ ಮಹಿಳೆಯದೂ ಇದೇ ಸ್ಥಿತಿ ಎಂದಿಟ್ಟುಕೊಳ್ಳಿ.

ಇದನ್ನು ಸರಿಪಡಿಸಲು ಎನ್-400 ಅರ್ಜಿ ಒಳ್ಳೆಯ ಅವಕಾಶ. ಅದರಲ್ಲೇ ಹೆಸರು ಬದಲಾವಣೆ ಕೋರಬಹುದು. ಹಾಗೆ ಕೋರಿದರೆ ಪ್ರಮಾಣವಚನ ನ್ಯಾಯಾಧೀಶರ ಮುಂದೆ ನಡೆಯುತ್ತದೆ. ಆದ್ದರಿಂದ ದಿನಾಂಕ ಸ್ವಲ್ಪ ತಡವಾಗಬಹುದು. ಜೊತೆಗೆ ಕೋರ್ಟಿನ ಮೊಹರಿರುವ ಹೆಸರು ಬದಲಾವಣೆಯ ಕಾಗದವೂ ಸಿಗುತ್ತದೆ. ಈ ಒಂದು ಹಾಳೆಯನ್ನು ಜೋಪಾನವಾಗಿಡಿ. ಭಾರತೀಯ ಪಾಸ್‌ಪೋರ್ಟಿನ ಹೆಸರಿಗೂ ಅಮೆರಿಕದ ಪಾಸ್‌ಪೋರ್ಟಿನ ಹೆಸರಿಗೂ ಸಂಬಂಧ ತೋರಿಸುವ ದಾಖಲೆ ಅದೊಂದೇ. ಅದಿಲ್ಲದಿದ್ದರೆ ಸರೆಂಡರ್ ಅರ್ಜಿಯಲ್ಲೂ, ಆಮೇಲೆ ಭಾರತ ಮೂಲದ ವಿದೇಶಿ ಪೌರರು ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗಲು ಪಡೆಯುವ ಒಸಿಐ ಕಾರ್ಡಿನ ಅರ್ಜಿಯಲ್ಲೂ, ಊರಿನಲ್ಲಿ ಆಸ್ತಿ ಖಾತೆ ಬದಲಾವಣೆಯಲ್ಲೂ "ಈ ಇಬ್ಬರೂ ಒಬ್ಬರೇ ಎಂಬುದಕ್ಕೆ ಪುರಾವೆ ಏನು?" ಎಂಬ ಪ್ರಶ್ನೆ ಏಳುತ್ತದೆ. ಮದುವೆಯಿಂದ ಹೆಸರು ಬದಲಾದವರು ವಿವಾಹ ನೋಂದಣಿ ಪ್ರಮಾಣಪತ್ರವನ್ನು ಇದೇ ರೀತಿ ಸಿದ್ಧವಾಗಿಟ್ಟುಕೊಳ್ಳಬೇಕು.

ಪ್ರಮಾಣವಚನಕ್ಕೆ ಮುಂಚೆಯೇ ಮಾಡಬೇಕಾದ ಇನ್ನೊಂದು ಕೆಲಸ, ಭಾರತೀಯ ಪಾಸ್‌ಪೋರ್ಟಿನ ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿಡುವುದು. ಮೊದಲ ಪುಟ, ತಂದೆ–ತಾಯಿ ಹೆಸರಿರುವ ಕೊನೆಯ ಪುಟ ಮಾತ್ರ ಸಾಲದು, ಮೊಹರು ಬಿದ್ದಿರುವ ಪುಟಗಳೂ ಬೇಕು. ಯಾವ ದಿನ ಯಾವ ದೇಶಕ್ಕೆ ಹೋಗಿಬಂದಿರಿ ಎಂಬುದಕ್ಕೆ ಆ ಮೊಹರುಗಳೇ ಸಾಕ್ಷಿ. ದಂಡದ ಪ್ರಶ್ನೆ ಬಂದರೆ ನಿಮ್ಮ ನೆರವಿಗೆ ಬರುವುದೂ ಅವೇ.

ಪ್ರಮಾಣವಚನದ ದಿನ ಮತ್ತು ಆ ವಾರ

ಮಾರ್ಚ್ 14ರಂದು ಗ್ರೀನ್ ಕಾರ್ಡನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ನ್ಯಾಚುರಲೈಸೇಶನ್ ಸರ್ಟಿಫಿಕೇಟ್ ಕೊಡುತ್ತಾರೆ. ಕೈಗೆ ಬಂದ ಕೂಡಲೇ ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ ಎರಡನ್ನೂ ಅಲ್ಲೇ ನಿಂತು ಓದಿ. ತಪ್ಪಿದ್ದರೆ ಆಗಲೇ ಹೇಳಿ, ಮನೆಗೆ ಬಂದ ಮೇಲೆ ತಿದ್ದಿಸುವುದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ನಿಮ್ಮ ಭಾರತೀಯ ಪೌರತ್ವ ಕೊನೆಗೊಂಡ ದಿನ ಎಂದು ಮುಂದೆ ಎಲ್ಲ ಅರ್ಜಿಗಳಲ್ಲೂ ಬರೆಯಬೇಕಾದದ್ದು ಈ ಸರ್ಟಿಫಿಕೇಟ್ ಮೇಲಿನ ದಿನಾಂಕವನ್ನೇ. ಅಮೆರಿಕದ ಪಾಸ್‌ಪೋರ್ಟ್ ಬಂದ ದಿನವನ್ನು ಬರೆಯುವುದು ಬಹಳ ಜನ ಮಾಡುವ ತಪ್ಪು. ಸರ್ಟಿಫಿಕೇಟಿನ ನಕಲು ಜೊತೆಯಲ್ಲೇ ಇರುವುದರಿಂದ ದಿನಾಂಕ ಹೊಂದುವುದಿಲ್ಲ, ಅರ್ಜಿ ವಾಪಸ್ ಬರುತ್ತದೆ.

ಈಗ ಆ ಮಹಿಳೆಯ ಸ್ಥಿತಿ ನೋಡಿ. ಗ್ರೀನ್ ಕಾರ್ಡ್ ಇಲ್ಲ. ಅಮೆರಿಕದ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ. ಭಾರತೀಯ ಪಾಸ್‌ಪೋರ್ಟ್ ಬಳಸುವಂತಿಲ್ಲ. ಅಂದರೆ ಕೈಯಲ್ಲಿ ಯಾವ ಪ್ರಯಾಣ ದಾಖಲೆಯೂ ಇಲ್ಲ. ಆದ್ದರಿಂದ ಅದೇ ವಾರ ಅಮೆರಿಕದ ಪಾಸ್‌ಪೋರ್ಟಿಗಾಗಿ ಡಿಎಸ್-11 ಅರ್ಜಿ ಹಾಕಬೇಕು. ವಯಸ್ಕರಿಗೆ 130 ಡಾಲರ್ ಅರ್ಜಿ ಶುಲ್ಕ, 35 ಡಾಲರ್ ಸ್ವೀಕೃತಿ ಶುಲ್ಕ. ಬೇಗ ಬೇಕಾದರೆ ಮೇಲೆ 60 ಡಾಲರ್. ಮೇ ತಿಂಗಳಿಗೆ ಮದುವೆ ಇರುವವರು ಆ 60 ಡಾಲರ್ ಉಳಿಸಲು ಹೋಗಬಾರದು. ಪಾಸ್‌ಪೋರ್ಟ್ ಬಂದ ಮೇಲೂ ಭಾರತದ ಕಡೆಯ ಎರಡು ಹಂತಗಳು ಬಾಕಿ ಇರುತ್ತವೆ.

ಡಿಎಸ್-11 ಜೊತೆ ನ್ಯಾಚುರಲೈಸೇಶನ್ ಸರ್ಟಿಫಿಕೇಟಿನ ಮೂಲ ಪ್ರತಿಯನ್ನೇ ಕೊಡಬೇಕು, ಅದು ಪಾಸ್‌ಪೋರ್ಟಿನಿಂದ ಬೇರೆಯಾಗಿ ಅಂಚೆಯಲ್ಲಿ ಮರಳಿ ಬರುತ್ತದೆ. ಹಾಗಾಗಿ ಕೊಡುವ ಮುಂಚೆ ಬಣ್ಣದ ಜೆರಾಕ್ಸ್ ಮಾಡಿಸಿಕೊಳ್ಳಿ. ಆ ಕಾಗದದ ಮೇಲೆಯೇ "ಕಾನೂನುಬದ್ಧ ಅಧಿಕಾರವಿಲ್ಲದೆ ನಕಲು ಮಾಡುವುದು ಶಿಕ್ಷಾರ್ಹ" ಎಂದು ಅಚ್ಚಾಗಿರುವುದನ್ನು ನೋಡಿ ಕೆಲವರು ಹೆದರುತ್ತಾರೆ. ಸರ್ಕಾರಿ ಅರ್ಜಿಗೆ ಲಗತ್ತಿಸುವಂಥ ಕಾನೂನುಬದ್ಧ ಕೆಲಸಕ್ಕೆ ನಕಲು ಮಾಡುವುದರಿಂದ ಏನೂ ಆಗುವುದಿಲ್ಲ.

ಗಂಡನ ವಿಷಯಕ್ಕೆ ಬಂದರೆ ಅವರು ಮಾಡಬೇಕಾದದ್ದು ಏನೂ ಇಲ್ಲ. ಹೆಂಡತಿ ಅಮೆರಿಕದ ಪೌರರಾದರು ಎಂಬ ಕಾರಣಕ್ಕೆ ಗಂಡನ ಭಾರತೀಯ ಪೌರತ್ವಕ್ಕೆ ಧಕ್ಕೆಯಿಲ್ಲ. ಮಗಳ ವಿಷಯ ಹಾಗಲ್ಲ.

ಸದ್ದಿಲ್ಲದೆ ಪೌರರಾಗುವ ಮಕ್ಕಳು

ಅಮೆರಿಕದ 2000ನೇ ಇಸವಿಯ ಮಕ್ಕಳ ಪೌರತ್ವ ಕಾಯ್ದೆಯ ಪ್ರಕಾರ, 18 ವರ್ಷದೊಳಗಿನ, ಗ್ರೀನ್ ಕಾರ್ಡ್ ಹೊಂದಿರುವ ಮಗು ಪೌರರಾದ ತಂದೆ ಅಥವಾ ತಾಯಿಯ ಪಾಲನೆಯಲ್ಲಿ ಅಮೆರಿಕದಲ್ಲೇ ವಾಸವಾಗಿದ್ದರೆ ತಾನಾಗಿ ಅಮೆರಿಕದ ಪೌರತ್ವ ಪಡೆಯುತ್ತದೆ. ಮಗು ಪ್ರಮಾಣವಚನ ಸ್ವೀಕರಿಸುವುದಿಲ್ಲ, ಮಗುವಿನ ಹೆಸರಿನಲ್ಲಿ ಸರ್ಟಿಫಿಕೇಟೂ ಬರುವುದಿಲ್ಲ. ಆದ್ದರಿಂದಲೇ ಮಗುವಿನ ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಬೇಕು ಎಂಬುದು ಎಷ್ಟೋ ಮನೆಗಳಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕೆಲವರು ಮಗುವಿನ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿದ ಮೇಲೂ ಐದು ವರ್ಷ ತುಂಬಿತೆಂದು ಭಾರತೀಯ ಪಾಸ್‌ಪೋರ್ಟನ್ನು ನವೀಕರಿಸಿಕೊಳ್ಳುವುದುಂಟು. ಇದು ಬರೀ ತಡ ಮಾಡುವುದಕ್ಕಿಂತ ದೊಡ್ಡ ತಪ್ಪು. ಬೇರೆ ದೇಶದ ಪೌರತ್ವ ಬಂದ ಮೇಲೆ ಭಾರತೀಯ ಪಾಸ್‌ಪೋರ್ಟ್ ಪಡೆದಂತೆ ಅದು ದಾಖಲಾಗುತ್ತದೆ.

ನಮ್ಮ ಉದಾಹರಣೆಯ ಮಗಳಿಗೆ ಪೌರತ್ವ ಬಂದ ದಿನ ತಾಯಿಯ ಪ್ರಮಾಣವಚನದ ದಿನವೇ, ಅಂದರೆ ಮಾರ್ಚ್ 14. ಅವಳ ಸರೆಂಡರ್ ಅರ್ಜಿಗೆ ತಾಯಿಯ ಸರ್ಟಿಫಿಕೇಟಿನ ನಕಲು, ಮಗಳ ಜನನ ಪ್ರಮಾಣಪತ್ರ, ಮಗಳ ಅಮೆರಿಕದ ಪಾಸ್‌ಪೋರ್ಟಿನ ನಕಲು ಇಡಬೇಕಾಗುತ್ತದೆ, ಸಹಿ ತಂದೆ–ತಾಯಿಯರದು. 16 ವರ್ಷದೊಳಗಿನ ಮಕ್ಕಳ ಅಮೆರಿಕದ ಪಾಸ್‌ಪೋರ್ಟಿಗೆ ತಂದೆ–ತಾಯಿ ಇಬ್ಬರೂ ಮಗುವಿನ ಜೊತೆ ಖುದ್ದಾಗಿ ಹೋಗಬೇಕು. ಒಬ್ಬರು ಬರಲಾಗದಿದ್ದರೆ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಬೇಕು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿದ್ದರೆ, ಅಥವಾ ತಾಯಿಯ ಹೆಸರು ಒಂದು ಕಡೆ ತವರಿನದು, ಇನ್ನೊಂದು ಕಡೆ ಗಂಡನ ಮನೆಯದು ಇದ್ದರೆ, ಊರಿನ ಪುರಸಭೆ ಅಥವಾ ಪಾಲಿಕೆಯಲ್ಲಿ ತಿದ್ದಿಸುವ ಕೆಲಸವನ್ನು ಈಗಲೇ ಶುರು ಮಾಡಿ. ಇಡೀ ಸರಪಳಿಯಲ್ಲಿ ಅತಿ ನಿಧಾನವಾದ ಕೊಂಡಿ ಬಹಳ ಸಲ ಇದೇ ಆಗಿರುತ್ತದೆ.

ಸರೆಂಡರ್ ಅರ್ಜಿ

ಅಮೆರಿಕದ ಪಾಸ್‌ಪೋರ್ಟ್ ಏಪ್ರಿಲ್ ಮೊದಲ ವಾರ ಬಂತು ಎನ್ನೋಣ. ಅರ್ಜಿ ಎರಡು ಕಡೆ ತುಂಬಬೇಕಾಗುತ್ತದೆ. ಭಾರತ ಸರ್ಕಾರದ ಪಾಸ್‌ಪೋರ್ಟ್ ಸೇವಾ ಜಾಲತಾಣ passportindia.gov.in ಮೂಲಕ ವಿದೇಶದಲ್ಲಿರುವವರ ವಿಭಾಗಕ್ಕೆ ಹೋಗಿ, ಸರೆಂಡರ್ ಸರ್ಟಿಫಿಕೇಟಿನ ಅರ್ಜಿ ತುಂಬಿ ಮುದ್ರಿಸಿಕೊಳ್ಳುವುದು ಒಂದು. ಅರ್ಜಿಗಳನ್ನು ಸ್ವೀಕರಿಸುವ ಹೊರಗುತ್ತಿಗೆ ಸಂಸ್ಥೆಯ ತಾಣದಲ್ಲಿ ನೋಂದಾಯಿಸಿ, ಶುಲ್ಕ ಕಟ್ಟಿ, ಅಪಾಯಿಂಟ್‌ಮೆಂಟ್ ಅಥವಾ ಕೊರಿಯರ್ ಚೀಟಿ ಪಡೆಯುವುದು ಇನ್ನೊಂದು. ಅಮೆರಿಕದಲ್ಲಿ 2020ರ ನವೆಂಬರ್‌ನಿಂದ ವಿಎಫ್‌ಎಸ್ ಈ ಕೆಲಸ ಮಾಡುತ್ತಿದೆ. ನೀವು ವಾಸವಿರುವ ರಾಜ್ಯ ಯಾವ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೇ ಅರ್ಜಿ ಹೋಗಬೇಕು. ಹತ್ತಿರದ ನಗರ ಎಂದು ಬೇರೆ ವ್ಯಾಪ್ತಿಯ ಕೇಂದ್ರಕ್ಕೆ ಕಳಿಸಿದರೆ ತಿರಸ್ಕರಿಸುತ್ತಾರೆ. ಆ ಸಮಯದಲ್ಲಿ ಭಾರತದಲ್ಲೇ ಇರುವವರು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ಮೂಲಕ ಒಪ್ಪಿಸಬಹುದು.

ಅರ್ಜಿಯಲ್ಲಿ ಹೆಸರು ತುಂಬುವಾಗ ಒಂದೇ ನಿಯಮ ನೆನಪಿಡಿ. ಇಲ್ಲಿ ಒಪ್ಪಿಸುತ್ತಿರುವುದು ಭಾರತೀಯ ಪಾಸ್‌ಪೋರ್ಟ್, ಆದ್ದರಿಂದ ಅದರಲ್ಲಿ ಇದ್ದಂತೆಯೇ ಬರೆಯಬೇಕು. ಸರ್‌ನೇಮ್ ಜಾಗ ಪಾಸ್‌ಪೋರ್ಟಿನಲ್ಲಿ ಖಾಲಿಯಿದ್ದರೆ ಇಲ್ಲೂ ಖಾಲಿ. ಎಫ್‌ಎನ್‌ಯು ಎಂದು ಬರೆಯಬೇಡಿ, ಅದು ಅಮೆರಿಕದ ಕಚೇರಿಗಳು ತಮ್ಮ ಅನುಕೂಲಕ್ಕೆ ಸೇರಿಸಿದ್ದು. ಪ್ರಮಾಣವಚನದಲ್ಲಿ ಪಡೆದ ಹೊಸ ಹೆಸರು ವಿದೇಶಿ ಪಾಸ್‌ಪೋರ್ಟಿನ ವಿವರ ಕೇಳುವ ಜಾಗದಲ್ಲಿ ಬರುತ್ತದೆ. ಮುಂದೆ ಒಸಿಐ ಅರ್ಜಿಯಲ್ಲಿ ಇದು ತಲೆಕೆಳಗಾಗುತ್ತದೆ. ಅಲ್ಲಿ ಮುಖ್ಯ ಹೆಸರು ಅಮೆರಿಕದ ಪಾಸ್‌ಪೋರ್ಟಿನದು, ಹಳೆಯ ಹೆಸರು ಹೆಸರು ಬದಲಾವಣೆಯ ವಿವರದಲ್ಲಿ.

ಲಗತ್ತುಗಳಲ್ಲಿ ಮುಖ್ಯವಾದವು ಇಷ್ಟು: ಕೊನೆಯ ಭಾರತೀಯ ಪಾಸ್‌ಪೋರ್ಟಿನ ಮೂಲ ಪ್ರತಿ ಮತ್ತು ಅದರ ಮೊದಲ, ಕೊನೆಯ ಪುಟಗಳ ನಕಲು, ನ್ಯಾಚುರಲೈಸೇಶನ್ ಸರ್ಟಿಫಿಕೇಟಿನ ನಕಲು, ಅಮೆರಿಕದ ಪಾಸ್‌ಪೋರ್ಟಿನ ವಿವರ ಪುಟದ ನಕಲು, ಚಾಲನಾ ಪರವಾನಗಿಯಂಥ ವಿಳಾಸದ ಪುರಾವೆ, ಬಿಳಿ ಹಿನ್ನೆಲೆಯ ಎರಡು ಇಂಚು ಚದರದ ಫೋಟೊ, ಹೆಸರು ಬದಲಾಗಿದ್ದರೆ ಅದರ ದಾಖಲೆ. ಪಟ್ಟಿಯಲ್ಲಿ ನೋಟರಿ ಎಂದಿದ್ದ ಕಡೆ ನೋಟರಿ ಮಾಡಿಸಲೇಬೇಕು, ನಿಮ್ಮ ಸಹಿ ಅಲ್ಲಿ ನಡೆಯುವುದಿಲ್ಲ. ವಿಳಾಸದ ಪುರಾವೆಯಲ್ಲಿರುವ ವಿಳಾಸ, ಅರ್ಜಿಯಲ್ಲಿರುವ ವಿಳಾಸ, ವಾಪಸು ಕೊರಿಯರ್ ಲಕೋಟೆಯ ಮೇಲಿನ ವಿಳಾಸ ಮೂರೂ ಒಂದೇ ಆಗಿರಲಿ. ಮನೆ ಬದಲಿಸಿ ಪರವಾನಗಿ ಬದಲಿಸದವರ ಅರ್ಜಿ ನಿಲ್ಲುವುದು ಈ ಕಾರಣಕ್ಕೆ.

ಶುಲ್ಕ ನೀವು ಯಾವಾಗ ಪೌರರಾದಿರಿ ಎಂಬುದರ ಮೇಲೆ ನಿಂತಿದೆ. ಈ ಪದ್ಧತಿ ಬಿಗಿಯಾದದ್ದು 2010ರಲ್ಲಿ. ಆ ವರ್ಷದ ಜೂನ್ 1ರ ಮುಂಚೆ ಪೌರತ್ವ ಪಡೆದವರಿಗೆ ಕಡಿಮೆ ಶುಲ್ಕದ ಬೇರೆ ವಿಧಾನವಿದೆ, ಆಮೇಲಿನವರಿಗೆ ಪೂರ್ತಿ ಶುಲ್ಕ. ದಶಕಗಳ ಹಿಂದೆಯೇ ಪೌರರಾಗಿ ಹಳೆಯ ಪಾಸ್‌ಪೋರ್ಟನ್ನು ಪೆಟ್ಟಿಗೆಯಲ್ಲಿಟ್ಟ ಹಿರಿಯರು ಈ ವಿಧಾನವನ್ನೇ ಆರಿಸಿಕೊಳ್ಳಬೇಕು. ಅರ್ಜಿಯ ವಿಧ ತಪ್ಪಾಗಿ ಆರಿಸಿ ಕಟ್ಟಿದ ಹಣ ವಾಪಸು ಬರುವುದು ಕಷ್ಟ.

ಪಾಸ್‌ಪೋರ್ಟ್ ಕಳೆದುಹೋಗಿದ್ದರೆ ಕೆಲಸ ನಿಲ್ಲುವುದಿಲ್ಲ, ಉದ್ದವಾಗುತ್ತದೆ ಅಷ್ಟೆ. ಪೊಲೀಸ್ ದೂರು, ಕಳೆದ ಬಗೆಯನ್ನು ವಿವರಿಸುವ, ನೋಟರಿ ಮಾಡಿಸಿದ ಅಫಿಡವಿಟ್, ಇದ್ದರೆ ಹಳೆಯ ನಕಲು ಇವೆಲ್ಲ ಬೇಕು. ನಕಲೂ ಇಲ್ಲದವರಿಗೆ ಪಾಸ್‌ಪೋರ್ಟ್ ಸಂಖ್ಯೆಯಾದರೂ ನೆನಪಿರಬೇಕು. ಹಳೆಯ ವೀಸಾ ಅರ್ಜಿಗಳ ಪ್ರತಿಯಲ್ಲಿ, ಟ್ರಾವೆಲ್ ಏಜೆಂಟರ ಕಡತದಲ್ಲಿ, ಕಂಪನಿಯ ವಲಸೆ ವಕೀಲರ ಬಳಿ ಅದು ಸಿಗುವ ಸಾಧ್ಯತೆ ಹೆಚ್ಚು.

ಎಲ್ಲ ಸರಿಯಿದ್ದರೆ ಎರಡು ವಸ್ತು ವಾಪಸು ಬರುತ್ತವೆ: ಸರೆಂಡರ್ ಸರ್ಟಿಫಿಕೇಟ್, ಮತ್ತು ವಿದೇಶಿ ಪೌರತ್ವ ಪಡೆದ ಕಾರಣ ರದ್ದಾಗಿದೆ ಎಂಬ ಮೊಹರು ಬಿದ್ದ ಅದೇ ಹಳೆಯ ಪಾಸ್‌ಪೋರ್ಟ್. ಈ ರದ್ದಾದ ಪುಸ್ತಕವನ್ನು ಎಸೆಯಬೇಡಿ. ನೀವು ಒಮ್ಮೆ ಭಾರತೀಯರಾಗಿದ್ದಿರಿ ಎಂಬುದಕ್ಕೆ ಇದೇ ಅತಿ ಗಟ್ಟಿಯಾದ ಪುರಾವೆ. ನಾಳೆ ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಒಸಿಐ ಕೇಳಿದಾಗ ಅವರ ಅರ್ಜಿಗೂ ಇದೇ ಬೇಕು.

ಆ ಮಧ್ಯದ ಅವಧಿಯಲ್ಲಿ ಪ್ರಯಾಣ: ದಂಡ ಎಲ್ಲಿಂದ ಬರುತ್ತದೆ

1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಂ ಪ್ರಕಾರ ಪಾಸ್‌ಪೋರ್ಟ್ ಯಾವಾಗಲೂ ಕೇಂದ್ರ ಸರ್ಕಾರದ ಸ್ವತ್ತು. ಪೌರತ್ವ ಹೋದ ಮೇಲೆ ಅದನ್ನು ಇಟ್ಟುಕೊಳ್ಳುವುದು, ಅದರ ಮೇಲೆ ಪ್ರಯಾಣ ಮಾಡುವುದು, ಅದನ್ನು ನವೀಕರಿಸಿಕೊಳ್ಳುವುದು ಮೂರೂ ಬೇರೆ ಬೇರೆ ತಪ್ಪುಗಳು, ದಂಡವೂ ಬೇರೆ ಬೇರೆ. ಪೌರತ್ವ ಬಂದು ಮೂರು ವರ್ಷವಾದರೂ ಒಪ್ಪಿಸದವರಿಗೆ ಇಟ್ಟುಕೊಂಡದ್ದಕ್ಕಾಗಿ ದಂಡ ಬೀಳುತ್ತದೆ. ಪ್ರಯಾಣ ಮಾಡಿದ್ದರೆ ಪ್ರತಿ ಪ್ರಯಾಣಕ್ಕೂ ಲೆಕ್ಕ ಹಾಕಿ, ಒಂದು ಗರಿಷ್ಠ ಮಿತಿಯವರೆಗೆ ಏರಿಸುತ್ತಾರೆ. ಪೌರತ್ವ ಬಂದ ಮೊದಲ ಮೂರು ತಿಂಗಳೊಳಗಿನ ಪ್ರಯಾಣಕ್ಕೆ ರಾಯಭಾರ ಕಚೇರಿಗಳು ರಿಯಾಯಿತಿ ತೋರಿಸಿವೆ.

ನಮ್ಮ ಉದಾಹರಣೆಯಲ್ಲಿ ಮೂರು ತಿಂಗಳೆಂದರೆ ಜೂನ್ 14. ಮದುವೆ ಮೇ ತಿಂಗಳಲ್ಲಿ. ಹಾಗಾದರೆ ಭಾರತೀಯ ಪಾಸ್‌ಪೋರ್ಟಿನ ಮೇಲೆಯೇ ಹೋಗಿಬರಬಹುದಲ್ಲ ಎನಿಸುವುದು ಸಹಜ. ಹಾಗೆ ಮಾಡಬೇಡಿ. ಆ ರಿಯಾಯಿತಿ ದಂಡಕ್ಕೆ ಮಾತ್ರ, ಅದು ಪಾಸ್‌ಪೋರ್ಟಿಗೆ ಜೀವ ತುಂಬುವುದಿಲ್ಲ. ಅಮೆರಿಕದ ಪೌರರು ಆ ದೇಶಕ್ಕೆ ಅಮೆರಿಕದ ಪಾಸ್‌ಪೋರ್ಟ್ ಮೇಲೆಯೇ ಹೋಗಿಬರಬೇಕು. ಆದ್ದರಿಂದ ಮರಳುವಾಗ ಬೆಂಗಳೂರಿನ ನಿಲ್ದಾಣದಲ್ಲಿ ವಿಮಾನ ಸಂಸ್ಥೆಗೆ ಅದನ್ನೇ ತೋರಿಸಬೇಕಾಗುತ್ತದೆ. ವಲಸೆ ಕೌಂಟರಿನಲ್ಲಿ ಅಧಿಕಾರಿ ಅದೇ ಪಾಸ್‌ಪೋರ್ಟನ್ನು ತಿರುವಿ ಹಾಕಿದರೆ ಅದರಲ್ಲಿ ಭಾರತದ ವೀಸಾವೂ ಇಲ್ಲ, ಒಳಬಂದ ಮೊಹರೂ ಇಲ್ಲ. ಭಾರತೀಯ ಪಾಸ್‌ಪೋರ್ಟ್ ತೋರಿಸಿದರೆ ಅದರಲ್ಲಿ ಅಮೆರಿಕಕ್ಕೆ ಹೋಗಲು ವೀಸಾ ಇಲ್ಲ, ಗ್ರೀನ್ ಕಾರ್ಡ್ ಆಗಲೇ ವಾಪಸ್ ಹೋಗಿದೆ. ಎರಡನ್ನೂ ತೋರಿಸಿದರೆ ನೀವು ವಿದೇಶಿಯಾಗಿದ್ದೂ ಭಾರತೀಯ ಪಾಸ್‌ಪೋರ್ಟಿನ ಮೇಲೆ ಒಳಬಂದಿದ್ದೀರಿ ಎಂಬುದು ನಿಮ್ಮ ಕೈಯಿಂದಲೇ ಸಾಬೀತಾಗುತ್ತದೆ. ವಿಮಾನ ತಪ್ಪುವುದು ಇಲ್ಲಿ ಅತಿ ಸಣ್ಣ ನಷ್ಟ. ಪೌರರಲ್ಲದವರು ರಾಷ್ಟ್ರೀಯತೆ ಮುಚ್ಚಿಟ್ಟು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಅಥವಾ ಪಡೆದರೆ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಂನಲ್ಲಿ ಒಂದರಿಂದ ಐದು ವರ್ಷದ ಸೆರೆವಾಸ, 10,000ದಿಂದ 50,000 ರೂಪಾಯಿ ದಂಡ ಎರಡೂ ಇವೆ. ನವೀಕರಣದ ತಪ್ಪು ಇಷ್ಟು ಗಂಭೀರವಾಗುವುದು ಈ ಕಲಂನಿಂದಲೇ.

ಸರಿಯಾದ ಕ್ರಮ ಹೀಗಿರಲಿ. ಏಪ್ರಿಲ್ ಮೊದಲ ವಾರ ಅಮೆರಿಕದ ಪಾಸ್‌ಪೋರ್ಟ್ ಬಂದ ಮರುದಿನವೇ ತಾಯಿ, ಮಗಳು ಇಬ್ಬರ ಸರೆಂಡರ್ ಅರ್ಜಿಯೂ ಹೊರಡಲಿ. ಸರ್ಟಿಫಿಕೇಟ್ ಬಂದ ಮೇಲೆ ಸಮಯವಿದ್ದರೆ ಒಸಿಐ, ಇಲ್ಲದಿದ್ದರೆ ಮದುವೆಯ ಮಟ್ಟಿಗೆ ವೀಸಾ. ವೀಸಾ ಅರ್ಜಿಯಲ್ಲಿ ಹಿಂದಿನ ರಾಷ್ಟ್ರೀಯತೆ ಏನು, ಈಗಿನದು ಹುಟ್ಟಿನಿಂದ ಬಂದದ್ದೋ ಆಮೇಲೆ ಪಡೆದದ್ದೋ ಎಂದು ಕೇಳುತ್ತಾರೆ. ಅಲ್ಲಿ ಭಾರತ ಎಂದೇ ಬರೆಯಬೇಕು, ಹುಟ್ಟಿದ ಊರು ಪಾಸ್‌ಪೋರ್ಟಿನಲ್ಲೇ ಇರುವುದರಿಂದ ಮುಚ್ಚಿಡಲು ಹೋದರೆ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ಪ್ರಯಾಣದ ಟಿಕೆಟನ್ನು ಸರೆಂಡರ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಕೊಳ್ಳುವುದೇ ಲೇಸು. ಮದುವೆ ತಪ್ಪಿಸಲಾಗದು ಎನ್ನುವವರಿಗೆ ಇನ್ನೂ ನೇರವಾದ ದಾರಿಯಿದೆ. ಪ್ರಮಾಣವಚನದ ದಿನಾಂಕವನ್ನೇ ಮುಂದೂಡಲು ಕೋರಿ, ಭಾರತೀಯ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಮೇಲೆ ಹೋಗಿಬಂದು, ಆಮೇಲೆ ಪ್ರಮಾಣ ಸ್ವೀಕರಿಸುವುದು. ಆಗ ಮಧ್ಯದ ಅವಧಿಯೇ ಇರುವುದಿಲ್ಲ.

ಮೊದಲೇ ಬಿಡಬೇಕಾದಾಗ: ಸಿಂಗಪುರದ ದಾರಿ

ಸಿಂಗಪುರ ಪೌರತ್ವ ಕೊಡುವಾಗ ಮೊದಲು ತಾತ್ವಿಕ ಒಪ್ಪಿಗೆಯ ಪತ್ರ ನೀಡುತ್ತದೆ. ಆ ಪತ್ರ ಹಿಡಿದು ಭಾರತೀಯ ಹೈಕಮಿಷನ್‌ನಲ್ಲಿ ಪೌರತ್ವ ತ್ಯಜಿಸಿ, ಅದರ ಪುರಾವೆ ಕೊಟ್ಟ ಮೇಲೆ ಅಲ್ಲಿನ ಪ್ರಮಾಣವಚನ. ಇದು 8ನೇ ಕಲಂನ ದಾರಿ. ಘೋಷಣೆಯನ್ನು 2009ರ ಪೌರತ್ವ ನಿಯಮಗಳ ಫಾರಂ 22ರಲ್ಲಿ ಸಲ್ಲಿಸಬೇಕು. ಅದು ನೋಂದಣಿಯಾದ ದಿನ ನೀವು ಭಾರತೀಯರಲ್ಲ, ಸಿಂಗಪುರದವರೂ ಇನ್ನೂ ಆಗಿಲ್ಲ. ಅಲ್ಪಕಾಲಕ್ಕೆ ಯಾವ ದೇಶದ ಪೌರರೂ ಅಲ್ಲದ ಸ್ಥಿತಿ ಅದು. ಆದ್ದರಿಂದ ಒಪ್ಪಿಗೆ ಪತ್ರ ಬರುವ ಮುಂಚೆ ಫಾರಂ ಮುಟ್ಟಲೇಬೇಡಿ. ಪತ್ರದಲ್ಲಿರುವ ಗಡುವನ್ನು ನೋಡಿ, ಹೈಕಮಿಷನ್‌ಗೆ ಬೇಕಾಗುವ ಸಮಯ ಕಳೆದು ಲೆಕ್ಕ ಹಾಕಿ. ಆ ವಾರಗಳಲ್ಲಿ ದೇಶದ ಹೊರಗೆ ಹೋಗುವ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ಭಾರತ ಯುದ್ಧದಲ್ಲಿ ತೊಡಗಿರುವಾಗ ಇಂಥ ಘೋಷಣೆ ಸಲ್ಲಿಸಿದರೆ, ಕೇಂದ್ರ ಸರ್ಕಾರ ಬೇರೆ ಆದೇಶ ಕೊಡುವವರೆಗೆ ಅದರ ನೋಂದಣಿಯನ್ನು ತಡೆಹಿಡಿಯಲಾಗುತ್ತದೆ.

ಮಕ್ಕಳ ವಿಷಯದಲ್ಲಿ ಎರಡು ಕಲಂಗಳ ವ್ಯತ್ಯಾಸ ಎದ್ದು ಕಾಣುವುದು ಇಲ್ಲೇ. ತಂದೆ ಅಥವಾ ತಾಯಿ 8ನೇ ಕಲಂನಡಿ ಪೌರತ್ವ ತ್ಯಜಿಸಿದರೆ ಅಪ್ರಾಪ್ತ ಮಕ್ಕಳೂ ಪೌರತ್ವ ಕಳೆದುಕೊಳ್ಳುತ್ತಾರೆ. ಆದರೆ ಆ ಮಗು ವಯಸ್ಕರಾದ ಒಂದು ವರ್ಷದೊಳಗೆ "ನನಗೆ ಭಾರತೀಯ ಪೌರತ್ವ ಮರಳಿ ಬೇಕು" ಎಂದು ಘೋಷಿಸಿ ಅದನ್ನು ಪಡೆಯಬಹುದು. 9ನೇ ಕಲಂನಡಿ ತಾನಾಗಿ ಪೌರತ್ವ ಹೋದ ಕುಟುಂಬಗಳ ಮಕ್ಕಳಿಗೂ ಈ ಹಕ್ಕು ಇದೆಯೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಗಿತ್ತು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಆ ಹಕ್ಕು 8ನೇ ಕಲಂನಡಿ ಸ್ವತಃ ತ್ಯಜಿಸಿದವರ ಮಕ್ಕಳಿಗೆ ಮಾತ್ರ. ಅಂದರೆ ಮಗ ಅಥವಾ ಮಗಳು ದೊಡ್ಡವರಾದ ಮೇಲೆ ಭಾರತಕ್ಕೆ ಮರಳಿ ಪೌರರಾಗಲಿ ಎಂಬ ಆಸೆಯಿರುವ ತಂದೆ–ತಾಯಿ ತಮ್ಮ ಪೌರತ್ವ ಯಾವ ಕಲಂನಡಿ ಹೋಗುತ್ತಿದೆ ಎಂಬುದನ್ನು ಕಾಗದದ ಮೇಲೆ ಸ್ಪಷ್ಟ ಮಾಡಿಕೊಳ್ಳಬೇಕು. ಕೈಯಲ್ಲಿರುವುದು ಘೋಷಣೆಯ ನೋಂದಣಿ ಪತ್ರವೋ, ಬರೀ ಸರೆಂಡರ್ ಸರ್ಟಿಫಿಕೇಟೋ ಎಂದು ತಿರುಗಿಸಿ ನೋಡಿ, ಆ ಹಾಳೆಯನ್ನು ಮಗುವಿನ ಜನನ ಪ್ರಮಾಣಪತ್ರದ ಜೊತೆಯಲ್ಲೇ ಇಡಿ.

ಊರಿನ ಕಡತಗಳು

ಸರೆಂಡರ್ ಸರ್ಟಿಫಿಕೇಟ್ ಬಂದ ಮಾತ್ರಕ್ಕೆ ಊರಿನ ದಾಖಲೆಗಳು ತಾವಾಗಿ ಬದಲಾಗುವುದಿಲ್ಲ. ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ಫಾರಂ 7 ಕೊಡಬೇಕು. ಪೌರರಲ್ಲದವರ ಹೆಸರು ಪಟ್ಟಿಯಲ್ಲಿರುವಂತಿಲ್ಲ, ಇದ್ದು ಯಾರಾದರೂ ಆ ಹೆಸರಿನಲ್ಲಿ ಮತ ಹಾಕಿದರೆ ಉತ್ತರ ಹೇಳಬೇಕಾದವರು ನೀವೇ. ಬ್ಯಾಂಕಿನ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳು ಮುಂದುವರಿಯುತ್ತವೆ. ಆದರೆ ಕೆವೈಸಿಯಲ್ಲಿ ಹೊಸ ಪಾಸ್‌ಪೋರ್ಟ್, ಆಮೇಲೆ ಒಸಿಐ ಕಾರ್ಡಿನ ಪ್ರತಿ ಸೇರಿಸಬೇಕು. ಪ್ಯಾನ್ ಸಂಖ್ಯೆ ಅದೇ ಇರುತ್ತದೆ, ಎರಡನೆಯ ಪ್ಯಾನ್ ಮಾಡಿಸಬಾರದು.

ಜಮೀನಿನ ವಿಷಯದಲ್ಲಿ ನಮ್ಮವರು ಹೆಚ್ಚು ಗಾಬರಿಯಾಗುತ್ತಾರೆ. ಪಹಣಿಯಲ್ಲಿ ಹೆಸರಿರುವ ಪಿತ್ರಾರ್ಜಿತ ಜಮೀನು ಪೌರತ್ವ ಹೋಯಿತೆಂದು ಕೈತಪ್ಪುವುದಿಲ್ಲ, ಮುಂದೆ ವಾರಸುದಾರಿಕೆಯಿಂದ ಬರುವುದಕ್ಕೂ ಅಡ್ಡಿಯಿಲ್ಲ. ಒಸಿಐ ಇದ್ದವರು ಹೊಸದಾಗಿ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಇರುವ ಕೃಷಿ ಭೂಮಿಯನ್ನು ಮಾರುವುದಾದರೆ ಭಾರತದಲ್ಲಿ ವಾಸವಿರುವ ಭಾರತೀಯ ಪೌರರಿಗೇ ಮಾರಬೇಕು. ಪಾಲು ಪಾರೀಖತ್ತು ಬಾಕಿಯಿದ್ದು ಅಣ್ಣತಮ್ಮಂದಿರು ತಮ್ಮ ಭಾಗವನ್ನು ನಿಮಗೇ ಕ್ರಯಕ್ಕೆ ಕೊಡುವ ಮಾತಾಗಿದ್ದರೆ ಆ ಕ್ರಯಪತ್ರ ನಿಮ್ಮ ಹೆಸರಿಗೆ ಇನ್ನು ಆಗುವುದಿಲ್ಲ. ಅಲ್ಲಿನ ನಿವಾಸಿಯಾಗಿರುವ ಇನ್ನೊಬ್ಬ ಕುಟುಂಬದವರ ಹೆಸರಿಗೆ ಮಾಡಿಸುವ ಬಗ್ಗೆ ಊರಿನ ವಕೀಲರೊಡನೆ ಮಾತಾಡಿ.

ಒಸಿಐ, ಮಗಳದು ಸೇರಿದಂತೆ

ಒಸಿಐ ಅರ್ಜಿ ociservices.gov.in ತಾಣದಲ್ಲಿ ತುಂಬಬೇಕು, ಅಮೆರಿಕದಲ್ಲಿ ಅರ್ಜಿ ಶುಲ್ಕ 275 ಡಾಲರ್. ಸರೆಂಡರ್ ಸರ್ಟಿಫಿಕೇಟ್ ಮತ್ತು ರದ್ದಾದ ಪಾಸ್‌ಪೋರ್ಟಿನ ನಕಲು ಇಲ್ಲಿ ಕಡ್ಡಾಯವಾಗಿ ಬೇಕಾಗುವುದರಿಂದಲೇ ಅದು ಎರಡನೆಯ ಹಂತ. ಅಪ್‌ಲೋಡ್ ಮಾಡುವ ಸಹಿ ಗೆರೆಯಿಲ್ಲದ ಬಿಳಿ ಹಾಳೆಯ ಮೇಲೆ, ಕಪ್ಪು ಶಾಯಿಯಲ್ಲಿ ಸ್ಪಷ್ಟವಾಗಿರಲಿ. ಬರೆಯಲು ಬಾರದ ಪುಟ್ಟ ಮಕ್ಕಳಾದರೆ ಹೆಬ್ಬೆಟ್ಟಿನ ಗುರುತು ಹಾಕಿಸುತ್ತಾರೆ, ಒಂಬತ್ತು ವರ್ಷದ ಮಗಳು ಸಹಿಯನ್ನೇ ಮಾಡಬೇಕು. ಅವಳಿಗೆ 20 ವರ್ಷ ತುಂಬಿದ ಮೇಲೆ ಮೊದಲ ಹೊಸ ಪಾಸ್‌ಪೋರ್ಟ್ ಬಂದಾಗ ಒಸಿಐ ಕಾರ್ಡನ್ನು ಒಮ್ಮೆ ಮರುಮುದ್ರಿಸಿಕೊಳ್ಳಬೇಕು. ಅಲ್ಲಿಯವರೆಗೆ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಮೂರು ತಿಂಗಳೊಳಗೆ ಅದರ ಪ್ರತಿ ಮತ್ತು ಹೊಸ ಫೋಟೊವನ್ನು ಅದೇ ತಾಣದಲ್ಲಿ ಏರಿಸಿದರೆ ಸಾಕು, ಅದಕ್ಕೆ ಶುಲ್ಕವಿಲ್ಲ.